ನೂರಕ್ಕೆ ಹನ್ನೊಂದು

ರಾಮಾಂಜಿನಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ದೊಡ್ಡ ಗುಣವೆಂದು ಹೊಗಳುವವರಿದ್ದಾರೆ. ನಾನು ಆ ಗುಂಪಿಗೆ ಸೇರಿದವನಲ್ಲ. ಈಜು ಬಾರದವನು ಬಾವಿಗೆ ಇಳಿಯದಿದ್ದರೆ ಅದನ್ನು ಯಾರೂ ಸಂಯಮ ಎನ್ನುವುದಿಲ್ಲ. ಗಂಟೆ ಎಷ್ಟು ಎಂದು ಕೇಳಿದರೆ, ತನ್ನ ಗಡಿಯಾರ ಎಷ್ಟು ಹಿಂದಿದೆ ಎಂದು ಮೊದಲು ವಿವರಿಸಿ ಆಮೇಲೆ ಗಂಟೆ ಹೇಳುವ ಆಸಾಮಿ. ಅಷ್ಟರಲ್ಲಿ ಕೇಳಿದವನ ರೈಲು ಹೋಗಿರುತ್ತಿತ್ತು. ಆ ಕೇಳಿದವನು ಹೆಚ್ಚಾಗಿ ನಾನೇ.

ನಾನು ಚಿನ್ನಪ್ಪ. ಕೃಷ್ಣರಾಜಪುರದವನು. ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ರಾಮಾಂಜಿನಪ್ಪ ಅಲ್ಲೇ ಫಿಸಿಕ್ಸ್ ಲೆಕ್ಚರರ್. ಹಲಸೂರಿನ ಕೆರೆಯ ಹಿಂದೆ ಅವನ ಮನೆಯವರ ಸೊಪ್ಪಿನ ತೋಟವಿತ್ತು. ತಾಯಿ ದೊಡ್ಡಮುನಿಯಮ್ಮ ಬೆಳಗಿನ ಜಾವ ದಂಟು, ಕೊತ್ತಂಬರಿ, ಮೆಂತ್ಯವನ್ನು ಕಟ್ಟು ಕಟ್ಟಿ ಮಾರುಕಟ್ಟೆಗೆ ಕಳಿಸುತ್ತಿದ್ದಳು. ಆ ಸೊಪ್ಪಿನಲ್ಲೇ ಮಗ ಎಂ.ಎಸ್ಸಿ. ಮುಗಿಸಿದ. ಮುಗಿಸಿದವನಿಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಕರೆದರೆ ಹೋಗುತ್ತಿದ್ದ. ಒಪ್ಪಿಗೆಯೇ ಎಂದು ಕೇಳಿದರೆ ಇಷ್ಟು ಕಡಿಮೆ ಹೊತ್ತಿನಲ್ಲಿ ಹೇಳಲಾಗದು ಎನ್ನುತ್ತಿದ್ದ. ಹೆಣ್ಣಿನ ಕಡೆಯವರು ಎಷ್ಟು ದಿನ ಕಾದಾರು? ಹೀಗೆ ಮೂರು ನಾಲ್ಕು ಸಂಬಂಧಗಳು ತಪ್ಪಿಹೋಗಿದ್ದವು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಜಹನಾರಾ ನಮ್ಮ ಕಾಲೇಜಿಗೆ ಬಂದಳು. ಈಗ ಶಿವಾಜಿನಗರ ಎನ್ನುತ್ತಾರಲ್ಲ, ಆಗಿನ ಬ್ಲಾಕ್‌ಪಲ್ಲಿ, ಅಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಅಹ್ಮದ್ ಪಾಷಾ ಸಾಹೇಬರ ಮಗಳು. ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಗಾಜು ಉಜ್ಜುವುದನ್ನು ನೋಡಿದವಳು. ಬೆಳಕು ಗಾಜಿನೊಳಗೆ ಹೇಗೆ ಬಾಗುತ್ತದೆ ಎಂಬುದು ಅವಳಿಗೆ ಪುಸ್ತಕ ಓದುವ ಮೊದಲೇ ಗೊತ್ತಿತ್ತು. ಬಿ.ಎಸ್ಸಿ. ಆನರ್ಸ್ ಮುಗಿಸಿ, ಸಂಶೋಧನೆ ಮಾಡಿ ಪ್ರಬಂಧ ಬರೆದು ಎಂ.ಎಸ್ಸಿ. ಪಡೆಯಬೇಕೆಂದು ಬಂದಿದ್ದಳು. ನಮ್ಮ ಪ್ರೊಫೆಸರ್ ಅವಳಿಗೆ ವಿಷಯ ಕೊಟ್ಟರು, ಕೆಲಸ ಕಲಿಸಲು ರಾಮಾಂಜಿನಪ್ಪನನ್ನು ಕೊಟ್ಟರು. ಪಾಷಾ ಸಾಹೇಬರು ಒಂದೇ ಷರತ್ತು ಹಾಕಿದರು: ಕತ್ತಲೆ ಕೋಣೆಯ ಕೆಲಸ, ಮೂರನೆಯವರೊಬ್ಬರು ಸದಾ ಇರಬೇಕು. ಇದು ನ್ಯಾಯವಾದ ಮಾತು ಎಂದು ಪ್ರೊಫೆಸರ್ ಒಪ್ಪಿ, ಆ ಮೂರನೆಯವನಾಗಿ ನನ್ನನ್ನು ನೇಮಿಸಿದರು. ನನಗೆ ಮದುವೆಯಾಗಿತ್ತು, ಮಕ್ಕಳಿದ್ದರು, ನೋಡಲೂ ಅಷ್ಟಕ್ಕಷ್ಟೆ. ಅರ್ಹತೆ ಇಷ್ಟೇ.

ಹಾಗಾಗಿ ಆ ವರ್ಷವಿಡೀ ಕಾವಲುಗಾರನಂತೆ ಮೂಲೆಯ ಬೆಂಚಿನ ಮೇಲೆ ಕೂತು ಹುಡುಗರ ರೆಕಾರ್ಡ್ ಪುಸ್ತಕ ತಿದ್ದಿದೆ. ನಾನು ಈ ಕಥೆ ಹೇಳುತ್ತಿರುವುದು ಅಲ್ಲಿಂದ.

ಅವರ ಕೆಲಸ ಏನೆಂದು ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಮುಂದಿನದು ಗೊತ್ತಾಗುವುದಿಲ್ಲ. ದ್ರವದ ಅಣುಗಳು ಸುಮ್ಮನಿರುವುದಿಲ್ಲ, ಅದುರುತ್ತಿರುತ್ತವೆ. ಆದರೆ ಆ ಅದುರಾಟ ಮನಸ್ಸು ಬಂದಷ್ಟು ಹೆಚ್ಚುವಂತಿಲ್ಲ. ಏಣಿಯ ಮೆಟ್ಟಿಲಿನ ಹಾಗೆ ಒಂದೊಂದೇ ಹಂತ. ತಣ್ಣಗಿರುವಾಗ ಬಹುಪಾಲು ಅಣುಗಳು ಕೆಳಗಿನ ಹಂತದಲ್ಲೇ ಇರುತ್ತವೆ. ಮೇಲಿನ ಹಂತದಲ್ಲಿ ಎಷ್ಟಿರುತ್ತವೆ ಎಂಬುದು ಎರಡೇ ಸಂಗತಿಗಳ ಮೇಲೆ ನಿಂತಿದೆ: ಎರಡು ಹಂತಗಳ ನಡುವಿನ ಅಂತರ ಎಷ್ಟು, ದ್ರವ ಎಷ್ಟು ಬಿಸಿಯಾಗಿದೆ. ಅಂತರ ದೊಡ್ಡದಾದಷ್ಟೂ ಮೇಲೆ ಹೋಗುವವು ಕಡಿಮೆ. ಬಿಸಿ ಹೆಚ್ಚಿದಷ್ಟೂ ಮೇಲೆ ಹೋಗುವವು ಹೆಚ್ಚು. ಇದಕ್ಕೆ ಸೂತ್ರವಿದೆ, ಲಾಗರಿಥಮ್ ಕೋಷ್ಟಕ ಇಟ್ಟುಕೊಂಡು ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಅವರು ಆರಿಸಿಕೊಂಡ ದ್ರವ ಕಾರ್ಬನ್ ಟೆಟ್ರಾಕ್ಲೋರೈಡ್. ರೇಷ್ಮೆ ಬಟ್ಟೆಯ ಕಲೆ ತೆಗೆಯಲು ಬಳಸುತ್ತಾರೆ, ಸಿಹಿ ವಾಸನೆ. ಅದನ್ನು ಬಟ್ಟಿ ಇಳಿಸಿ ಶುದ್ಧ ಮಾಡಿ ಕೊಡುವುದು ನನ್ನ ಪಾಲಿನ ಕೆಲಸ. ಅದರ ಮುಖ್ಯ ಅದುರಾಟಕ್ಕೆ, ನಮ್ಮೂರಿನ ಚಳಿಗಾಲದ ಇಪ್ಪತ್ತೆರಡು ಡಿಗ್ರಿಯಲ್ಲಿ, ಕೆಳಗಿನ ಹಂತದಲ್ಲಿ ನೂರು ಅಣುಗಳಿದ್ದರೆ ಮೇಲಿನ ಹಂತದಲ್ಲಿ ಹತ್ತಿರ ಹತ್ತಿರ ಹನ್ನೊಂದು ಇರಬೇಕು. ಅದಕ್ಕೂ ಮೇಲಿನ ಹಂತದಲ್ಲಿ ಆ ಹನ್ನೊಂದಕ್ಕೂ ಅದೇ ಪ್ರಮಾಣ, ಒಂದು ಚಿಲ್ಲರೆ. ಪ್ರತಿ ಹಂತಕ್ಕೂ ಅಷ್ಟೇ ಪಾಲು ಇಳಿಯುತ್ತಾ ಹೋಗುತ್ತದೆ, ಪೂರ್ತಿ ಸೊನ್ನೆ ಎಲ್ಲಿಯೂ ಆಗುವುದಿಲ್ಲ.

ಈ ಹನ್ನೊಂದನ್ನು ನೋಡುವುದು ಹೇಗೆ? ಪಾದರಸದ ದೀಪದ ನೀಲಿ ಬೆಳಕನ್ನು ದ್ರವದ ಕೊಳವೆಯ ಮೇಲೆ ಬಿಡಬೇಕು. ಕೆಳಗಿನ ಹಂತದ ಅಣು ಬೆಳಕಿನಿಂದ ಸ್ವಲ್ಪ ಶಕ್ತಿ ತೆಗೆದುಕೊಂಡು ಮೇಲೇರಿದರೆ, ಚದುರಿದ ಬೆಳಕು ಕೆಂಪಿನ ಕಡೆಗೆ ಜಾರಿ ಒಂದು ಗೆರೆಯಾಗುತ್ತದೆ. ಮೇಲಿನ ಹಂತದ ಅಣು ತನ್ನಲ್ಲಿದ್ದುದನ್ನು ಬೆಳಕಿಗೆ ಕೊಟ್ಟು ಕೆಳಗಿಳಿದರೆ, ನೇರಳೆಯ ಕಡೆಗೆ ಇನ್ನೊಂದು ಗೆರೆ. ಮೇಲೆ ಇರುವವು ಕಡಿಮೆಯಾದ್ದರಿಂದ ನೇರಳೆ ಕಡೆಯ ಗೆರೆ ಮಂಕು. ನೇರಳೆ ಬೆಳಕು ಸಹಜವಾಗಿಯೇ ಸ್ವಲ್ಪ ಹೆಚ್ಚು ಚದುರುತ್ತದೆ. ಆ ಪಾಲನ್ನು ಕಳೆದು ಎರಡು ಗೆರೆಗಳ ಬಲವನ್ನು ಹೋಲಿಸಿದರೆ ನೂರಕ್ಕೆ ಎಷ್ಟು ಎಂಬುದು ಸಿಗುತ್ತದೆ. ಪ್ರಮಾಣ ನಿಜಕ್ಕೂ ಸೂತ್ರದಂತೆ ಬರುತ್ತದೆಯೇ ಎಂದು ಅಳೆದು ತೋರಿಸುವುದೇ ಜಹನಾರಾಳ ಪ್ರಬಂಧ.

ಆ ಮಂಕು ಗೆರೆ ಫೋಟೋ ಪ್ಲೇಟಿನ ಮೇಲೆ ಮೂಡಲು ಬೆಳಗಿನಿಂದ ಸಂಜೆಯವರೆಗೆ ದೀಪ ಉರಿಯಬೇಕು. ಬೆಳಿಗ್ಗೆ ಎಲ್ಲವನ್ನೂ ಹೊಂದಿಸಿ, ದೀಪ ಹಚ್ಚಿ, ಕೊಳವೆಯ ಸುತ್ತಲಿನ ಗಾಜಿನ ಕವಚದಲ್ಲಿ ನಲ್ಲಿಯ ನೀರು ಹರಿಯುವಂತೆ ರಬ್ಬರ್ ಕೊಳವೆ ಸಿಕ್ಕಿಸಿ, ಉಪಕರಣಗಳ ಸುತ್ತ ಕಪ್ಪು ಪರದೆ ಎಳೆದರೆ ಮುಗಿಯಿತು. ಆಮೇಲೆ ದಿನವಿಡೀ ಯಾರಿಗೂ ಕೆಲಸವಿಲ್ಲ. ಬೇರೆಡೆಗೆ ಹೋಗುವಂತೆಯೂ ಇಲ್ಲ. ದೀಪ ನಡುವೆ ಆರಿದರೆ ಯಾರಾದರೂ ಇರಬೇಕಲ್ಲ.

ಆ ಕೆಲಸವಿಲ್ಲದ ಹೊತ್ತಿನಲ್ಲೇ ಎಲ್ಲವೂ ನಡೆಯಿತು. ನಡೆಯಿತು ಎಂದರೆ ಏನೂ ನಡೆಯಲಿಲ್ಲ. ಅವಳು ಕಪ್ಪುಹಲಗೆಯ ಮೇಲೆ ಉರ್ದು ಅಕ್ಷರ ಬರೆದು ತೋರಿಸುವಳು, ಇವನು ಅದರ ಕೆಳಗೆ ತಿದ್ದುವನು. ಬಲದಿಂದ ಎಡಕ್ಕೆ ಬರೆಯುವಾಗ ಅವನ ಕೋಟಿನ ತೋಳೆಲ್ಲ ಸೀಮೆಸುಣ್ಣ. ಅವಳ ಡಬ್ಬಿಯ ಖೀಮಾ ಪರೋಟ ನಮ್ಮ ಪಾಲಿಗೂ ಬರುತ್ತಿತ್ತು, ದೊಡ್ಡಮುನಿಯಮ್ಮನ ಮಸ್ಸೊಪ್ಪು ಅವಳ ಪಾಲಿಗೆ. ಶುಕ್ರವಾರ ಅವಳು ಬರುತ್ತಿರಲಿಲ್ಲ. ಆ ದಿನ ರಾಮಾಂಜಿನಪ್ಪ ಪರದೆ ಎಳೆಯದ, ದೀಪ ಹಚ್ಚದ ಆ ಕೋಣೆಗೆ ಬಂದು ಒಬ್ಬನೇ ಕೂತಿರುತ್ತಿದ್ದ. ಏನು ಮಾಡ್ತಿದೀಯೋ ಎಂದರೆ, ಲೆಕ್ಕ ಎನ್ನುತ್ತಿದ್ದ. ಮುಂದೆ ಕಾಗದವೂ ಇರುತ್ತಿರಲಿಲ್ಲ. ಸುಳ್ಳು ಬಾರದವನು ಎಂದೆನಲ್ಲ, ಅದು ಅವನ ಮಟ್ಟಿಗೆ ನಿಜವೇ ಇರಬೇಕು.

ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು. ಬಾಯಿಬಿಟ್ಟು ಹೇಳಿಕೊಳ್ಳಲಾಗದ ಆಸೆಯನ್ನು ಪಕ್ಕದಲ್ಲಿ ಕೂತು ನೋಡುವುದು ಕಷ್ಟದ ಕೆಲಸ.

ತೊಂದರೆ ಬಂದದ್ದು ಪ್ರಮಾಣದಲ್ಲಿ. ಪ್ಲೇಟುಗಳ ಗೆರೆಯ ಬಲ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಊರಿನ ಆಚೆ ತುದಿಯ ದೊಡ್ಡ ಸಂಸ್ಥೆಯಲ್ಲಿತ್ತು. ರಾಮಾಂಜಿನಪ್ಪ ಪ್ಲೇಟನ್ನು ಹತ್ತಿಯಲ್ಲಿ ಸುತ್ತಿ, ಸೈಕಲ್ಲಿನಲ್ಲಿ ಅಲ್ಲಿಗೆ ಹೋಗಿ ಅಳೆಸಿಕೊಂಡು ಬರುವನು. ಹನ್ನೊಂದು ಬರಬೇಕಾದಲ್ಲಿ ಹದಿನಾಲ್ಕು ಬಂತು. ಇನ್ನೊಂದು ಪ್ಲೇಟು ತೆಗೆದರು, ಹದಿನಾಲ್ಕು. ಮತ್ತೊಂದು, ಹದಿನಾಲ್ಕಕ್ಕೆ ಚೂರು ಕಡಿಮೆ. ಕೋಣೆಯ ಗೋಡೆಯ ಮೇಲಿನ ಥರ್ಮಾಮೀಟರ್ ಮಾತ್ರ ಇಪ್ಪತ್ತೆರಡರಲ್ಲೇ ಇತ್ತು. ಪ್ಲೇಟಿನ ಕಪ್ಪನ್ನು ಬೆಳಕಿನ ಬಲಕ್ಕೆ ತಾಳೆ ಹಾಕುವುದರಲ್ಲಿ ಹುಡುಗಿ ಎಡವಿದ್ದಾಳೆ ಎಂದು ಪ್ರೊಫೆಸರ್ ತೀರ್ಮಾನಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಿಸಿದರು. ದೀಪಾವಳಿ ಹೋಯಿತು, ಡಿಸೆಂಬರ್ ಬಂತು. ಹದಿನಾಲ್ಕು ಹದಿನಾಲ್ಕಾಗಿಯೇ ಇತ್ತು.

ಇಷ್ಟರಲ್ಲಿ ಲಾಹೋರಿನಿಂದ ಕರೆ ಬಂದಿತ್ತು. ಜಹನಾರಾಳ ಅಣ್ಣ ನಜೀರ್ ಅಲ್ಲಿ ರೈಲ್ವೆಯಲ್ಲಿದ್ದ. ಅಲ್ಲಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸಲು ಹೆಂಗಸೊಬ್ಬಳು ಬೇಕಾಗಿದ್ದಳು. ಮಾರ್ಚಿಯೊಳಗೆ ಪ್ರಬಂಧ ಒಪ್ಪಿಸಿ ಬಂದರೆ ಕೆಲಸ ಅವಳದು, ಇಲ್ಲದಿದ್ದರೆ ಇನ್ನೊಬ್ಬಳಿಗೆ. ಪಾಷಾ ಸಾಹೇಬರಿಗೆ ಮಗಳು ಅಣ್ಣನ ಹತ್ತಿರ ಇದ್ದು ಗೌರವದ ಕೆಲಸ ಮಾಡಲಿ ಎಂಬ ಆಸೆ. ಕೆಲಸ ತಪ್ಪಿದರೆ ಅವಳು ಇಲ್ಲೇ ಉಳಿದು, ದಂಡಿನ ಯಾವುದಾದರೂ ಸ್ಕೂಲಿನಲ್ಲಿ ಗಣಿತ ಹೇಳುತ್ತಾ, ನಮ್ಮ ಕತ್ತಲೆ ಕೋಣೆಗೆ ಇನ್ನೊಂದು ವರ್ಷ ಬರುವುದು ಖಂಡಿತ. ಆ ಹದಿನಾಲ್ಕು ಬಗೆಹರಿಯದಿದ್ದರೆ ಅವಳು ಇಲ್ಲಿ, ಬಗೆಹರಿದರೆ ಲಾಹೋರಿನಲ್ಲಿ.

ಜನವರಿಯ ಒಂದು ಭಾನುವಾರ ರಾಮಾಂಜಿನಪ್ಪ ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಸೈಕಲ್ ತುಳಿದುಕೊಂಡು ನಮ್ಮ ಮನೆಗೆ ಬಂದ. ಮುಖ ಬಾಡಿತ್ತು. ನನ್ನ ಹೆಂಡತಿ ಅಕ್ಕಯಮ್ಮ ಮುದ್ದೆ ಬಡಿಸಿದರೆ ಅದನ್ನು ತಟ್ಟೆಯಲ್ಲೇ ಉರುಳಿಸುತ್ತಾ ಕೂತ.

“ಸಿಕ್ತು ಕಣಯ್ಯಾ,” ಎಂದ.

“ಏನು ಸಿಕ್ತು?”

“ಹದಿನಾಲ್ಕು ಯಾಕೆ ಬರ್ತೈತೆ ಅಂತ.”

ನನ್ನ ಅಂಗಳದ ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ. ಟೆಟ್ರಾಕ್ಲೋರೈಡಿಗೆ ಇನ್ನೊಂದು ಅದುರಾಟವಿದೆ, ಅದರ ಹಂತ ಚಿಕ್ಕದು, ಮುಖ್ಯವಾದದ್ದರ ಅರ್ಧಕ್ಕೂ ಕಡಿಮೆ. ಆ ಗೆರೆಗಳೂ ಅದೇ ಪ್ಲೇಟಿನಲ್ಲಿದ್ದವು, ಯಾರೂ ಅಳೆದಿರಲಿಲ್ಲ. ಶನಿವಾರ ಅಳೆಸಿಕೊಂಡು ಬಂದಿದ್ದಾನೆ. ಇಪ್ಪತ್ತೆರಡು ಡಿಗ್ರಿಗೆ ಆ ಜೋಡಿಯ ಪ್ರಮಾಣ ನೂರಕ್ಕೆ ಮೂವತ್ತನಾಲ್ಕೂವರೆ ಇರಬೇಕು, ಪ್ಲೇಟಿನಲ್ಲಿ ಮೂವತ್ತೊಂಬತ್ತು ಬಂದಿದೆ.

“ತಾಳೆ ಹಾಕೋದ್ರಲ್ಲಿ ಜಹನಾರಾ ಅವರು ತಪ್ಪು ಮಾಡಿದ್ರೆ ಎರಡು ಜೋಡೀಗೂ ಒಂದೇ ಲೆಕ್ಕದಲ್ಲಿ ಹೊಂದೋ ಹಂಗೆ ತಪ್ಪಾಗಲ್ಲ. ಈಗ ನೋಡು. ಚಿಕ್ಕ ಹಂತದ್ದು ಏಳರಲ್ಲಿ ಒಂದು ಪಾಲು ಏರೈತೆ, ದೊಡ್ಡ ಹಂತದ್ದು ಮೂರರಲ್ಲಿ ಒಂದು ಪಾಲು. ಬಿಸಿ ಏರಿದ್ರೆ ದೊಡ್ಡ ಹಂತಕ್ಕೇ ಜಾಸ್ತಿ ತಟ್ಟೋದು. ನಾನು ತಿರುವಿ ಲೆಕ್ಕ ಹಾಕ್ದೆ. ಪ್ರಮಾಣದಿಂದ ಡಿಗ್ರಿ ತೆಗೆದೆ. ಇದರಿಂದ್ಲೂ ಅರವತ್ಮೂರು, ಅದರಿಂದ್ಲೂ ಅರವತ್ಮೂರು.”

“ಅಂದ್ರೆ?”

“ಅಂದ್ರೆ ಅವರ ಅಳತೆ ಸರಿ ಐತೆ. ದ್ರವ ಇಪ್ಪತ್ತೆರಡರಲ್ಲಿ ಇಲ್ಲ, ಅರವತ್ಮೂರರಲ್ಲಿ ಐತೆ. ನಲ್ಲಿ ನೀರು.”

ನನಗೆ ಹೊಳೆಯಿತು. ದಂಡಿನಲ್ಲಿ ಆಗ ನಲ್ಲಿ ನೀರು ಬೆಳಿಗ್ಗೆ ಬಂದು ಹತ್ತು ಗಂಟೆಯ ಹೊತ್ತಿಗೆ ನಿಲ್ಲುತ್ತಿತ್ತು. ಪ್ರತಿ ಮನೆಯ ಹೆಂಗಸಿಗೂ ಗೊತ್ತಿದ್ದ ಸಂಗತಿ. ನಾವು ಬೆಳಿಗ್ಗೆ ರಬ್ಬರ್ ಕೊಳವೆ ಸಿಕ್ಕಿಸಿ, ನೀರು ಹರಿಯುವುದನ್ನು ನೋಡಿ, ಪರದೆ ಎಳೆದುಬಿಡುತ್ತಿದ್ದೆವು. ಆಮೇಲೆ ಹರಿಯದೆ ನಿಂತ ನೀರನ್ನು ಆ ಉರಿಯುವ ದೀಪ ದಿನವಿಡೀ ಕಾಯಿಸುತ್ತಿತ್ತು. ಮೂರು ಜನ ವಿಜ್ಞಾನ ಓದಿದವರು, ಮೇಲೆ ಒಬ್ಬ ಪ್ರೊಫೆಸರ್, ಗೋಡೆಯ ಥರ್ಮಾಮೀಟರ್ ನೋಡಿ ಕೊಳವೆಯೊಳಗಿನ ಬಿಸಿ ಬರೆದುಕೊಂಡಿದ್ದೆವು. ಅಡುಗೆಮನೆಯ ಗೋಡೆ ಮುಟ್ಟಿ ಅನ್ನ ಬೆಂದಿದೆಯೇ ಎಂದು ಹೇಳಿದಂತೆ.

ನಗಬೇಕಾದ ಸಂಗತಿ. ಅವನ ಮುಖ ನೋಡಿ ನಗು ಬರಲಿಲ್ಲ.

“ಈಗ ಇದನ್ನ ಹೇಳಿದ್ರೆ ಪ್ರಬಂಧ ಮುಗೀತು,” ಎಂದ. “ಮಾರ್ಚಿಗೆ ಹೊರಟೋಗ್ತಾರೆ.”

ನಾನು ನೇರವಾಗಿ ಹೇಳಿದೆ. “ಬಾಯಿ ಮುಚ್ಕೊಂಡಿರು. ಎರಡು ತಿಂಗಳು. ನೀನೇನೂ ಸುಳ್ಳು ಹೇಳ್ಬೇಕಾಗಿಲ್ಲ, ಸುಮ್ಮನಿದ್ರೆ ಸಾಕು.”

“ಅವರ ಕೆಲಸ ಸರಿ ಐತಲ್ಲಯ್ಯಾ. ಪ್ರೊಫೆಸರ್ ಅವರನ್ನ ದಿನಾ ಬೈತಾರೆ. ಅವರು ತಲೆ ಬಗ್ಗಿಸ್ಕೊಂಡು ಕೇಳಿಸ್ಕೊಳ್ತಾರೆ. ನಾನು ಗೊತ್ತಿದ್ದೂ ನೋಡ್ಕೊಂಡು ಕೂತ್ಕೊಳ್ಳಾ?”

“ಹಂಗಾದ್ರೆ ಅವರ ಹತ್ರ ಹೋಗಿ ಇನ್ನೊಂದು ಮಾತೂ ಹೇಳು. ಪಾಷಾ ಸಾಹೇಬರು ಏನಂತಾರೋ, ನಿಮ್ಮವ್ವ ಏನಂತಾಳೋ ಆಮೇಲೆ ನೋಡೋಣ.”

ಅವನು ತಟ್ಟೆ ತೊಳೆದಿಟ್ಟು ಹೊರಟ. ಅಕ್ಕಯಮ್ಮ ಬಾಗಿಲಲ್ಲಿ ನಿಂತು ಅವನು ಹೋದ ದಾರಿಯನ್ನೇ ನೋಡಿ, “ಆ ಹುಡುಗಿ ಯಾರು?” ಎಂದು ಕೇಳಿದಳು. ನಾನು ಏನೂ ಹೇಳಿರಲಿಲ್ಲ.

ಸೋಮವಾರ ನಾನು ಕತ್ತಲೆ ಕೋಣೆಗೆ ಹೋದಾಗ ಇಬ್ಬರೂ ಬಾಗಿಲ ಹೊರಗೆ ನಿಂತಿದ್ದರು; ಮೂರನೆಯವನು ಬರದೆ ಒಳಗೆ ಹೋಗುವಂತಿರಲಿಲ್ಲವಲ್ಲ. ಒಳಗೆ ಹೋದ ಮೇಲೆ ರಾಮಾಂಜಿನಪ್ಪ ಕಪ್ಪುಹಲಗೆಯ ಉರ್ದು ಅಕ್ಷರ ಅಳಿಸಿ, ಎರಡು ಜೋಡಿ ಗೆರೆಗಳ ಲೆಕ್ಕ ಬರೆದ. ಪಾಠ ಹೇಳುವವನಂತೆ ಅವಳ ಕಡೆಗೆ ನೋಡದೆ ಹೇಳುತ್ತಾ ಹೋದ. ಕೊನೆಗೆ ಅರವತ್ಮೂರು ಎಂದು ಬರೆದು ಅದರ ಕೆಳಗೆ ಗೆರೆ ಎಳೆದ.

ಜಹನಾರಾ ಹಲಗೆಯ ಹತ್ತಿರ ಬಂದು ಲೆಕ್ಕ ಓದಿದಳು. “ಕವಚದ ನೀರು ಅರವತ್ತೆರಡು ಇರುತ್ತೆ ಸರ್,” ಎಂದಳು. “ಒಳಗೆ ಒಂದು ಡಿಗ್ರಿ ಜಾಸ್ತಿ ಇರ್ಬಹುದು. ನಿಮ್ಮ ಲೆಕ್ಕ ಸರಿಯಾಗಿದೆ.”

“ಅರವತ್ತೆರಡು ಅಂತ ನಿಮಗೆ ಹೆಂಗೆ ಗೊತ್ತು?”

“ಥರ್ಮಾಮೀಟರ್ ಇಟ್ಟು ನೋಡಿದ್ದೆ.”

“ಯಾವಾಗ?”

“ದೀಪಾವಳಿ ರಜಾ ಮುಗಿದ ಮೇಲೆ. ನೀವಿಬ್ಬರೂ ಕ್ಲಾಸಿಗೆ ಹೋಗಿದ್ರಿ.”

ನನ್ನ ಕೈಯ ಕೆಂಪು ಪೆನ್ಸಿಲ್ ಅಲ್ಲೇ ನಿಂತಿತು. ಈ ದಡ್ಡ ಮಾತ್ರ ನಿಜಕ್ಕೂ ತಿಳಿಯದೆ ಕೇಳಿದ. “ಮತ್ತೆ ಯಾಕೆ ಹೇಳ್ಲಿಲ್ಲ? ಇಷ್ಟು ದಿನ ಪ್ರೊಫೆಸರ್ ಹತ್ರ ಬೈಸ್ಕೊಂಡ್ರಲ್ಲ.”

“ಹೇಳಿದ್ರೆ ಕೆಲಸ ಮುಗಿದುಹೋಗ್ತಿತ್ತಲ್ಲ ಸರ್.”

ಆ ಮಾತು ಹೇಳಿ ಅವಳು ಹಲಗೆಯನ್ನೇ ನೋಡುತ್ತಾ ನಿಂತಳು. ಒಂದು ಪ್ಲೇಟು ಎಂದರೆ ಒಂದು ದಿನ. ತಪ್ಪು ಪ್ಲೇಟು ಎಂದರೆ ಇನ್ನೊಂದು ದಿನ. ಅವಳು ಬೈಗುಳ ತಿಂದು ಆ ದಿನಗಳನ್ನು ಒಂದೊಂದಾಗಿ ಪಡೆದುಕೊಂಡಿದ್ದಳು. ನಾನು ಮೂಲೆಯಲ್ಲಿ ಕೂತು, ಈಗಲಾದರೂ ಇವನ ಬಾಯಿ ತೆರೆಯಲಿ ಎಂದು ನಮ್ಮೂರ ಮಹಾಬಲೇಶ್ವರನಿಗೆ ಹರಕೆ ಹೊತ್ತೆ.

ಬಾಯಿ ತೆರೆಯಿತು. “ನಾನು ಬೆಳಿಗ್ಗೇನೇ ಪ್ರೊಫೆಸರ್‌ಗೆ ಹೇಳ್ಬಿಟ್ಟೆ,” ಎಂದ.

“ಬೆಳಿಗ್ಗೇನಾ?”

“ಮೊದಲು ನಿಮ್ಮನ್ನ ನೋಡಿದ್ರೆ ಹೇಳೋಕಾಗಲ್ಲ ಅನ್ನಿಸ್ತು. ಅದಕ್ಕೇ ಅವರ ಮನೆಗೇ ಹೋಗಿ ಹೇಳಿ ಬಂದೆ. ಲಾಹೋರಿಗೆ ಇವತ್ತೇ ತಂತಿ ಕೊಡ್ತೀನಿ ಅಂದ್ರು.”

ಅವಳು ತಲೆಯಾಡಿಸಿದಳು. ಸೆರಗನ್ನು ಸರಿಮಾಡಿಕೊಂಡಳು. “ಒಳ್ಳೇದು ಸರ್,” ಎಂದಳು.

ಪ್ರೊಫೆಸರಿಗೆ ಭಾರಿ ಖುಷಿ. ಬಿಸಿಯಾದ ಪ್ಲೇಟುಗಳು ವ್ಯರ್ಥವಲ್ಲ, ಅರವತ್ಮೂರು ಡಿಗ್ರಿಯ ಅಳತೆ ಆಗಲೇ ಕೈಯಲ್ಲಿದೆ. ಇನ್ನು ಇಪ್ಪತ್ತೆರಡರಲ್ಲಿ ಒಂದು ಪ್ಲೇಟು ಸರಿಯಾಗಿ ತೆಗೆದರೆ ಎರಡು ಬಿಸಿಗೂ ಸೂತ್ರ ಹೊಂದುತ್ತದೆಂದು ತೋರಿಸಿದಂತಾಯಿತು ಎಂದರು. ಯುದ್ಧದ ಕಾಲದಲ್ಲಿ ಸೈನ್ಯದ ಸ್ಟೋರಿನಿಂದ ಗಿಟ್ಟಿಸಿದ ಆ ಬಗೆಯ ಪ್ಲೇಟು ಪೆಟ್ಟಿಗೆಯಲ್ಲಿ ಒಂದೇ ಉಳಿದಿತ್ತು. ಇನ್ನೊಂದು ಪೆಟ್ಟಿಗೆ ಹಡಗಿನಲ್ಲಿ ಬರಬೇಕು, ಬರುವಷ್ಟರಲ್ಲಿ ಬೇಸಿಗೆ. ಆದ್ದರಿಂದ ಈ ಸಲ ಏನೂ ತಪ್ಪಬಾರದು.

ಆ ಕೊನೆಯ ಪ್ಲೇಟು ತೆಗೆಯುವ ದಿನ ಐಸ್ ಫ್ಯಾಕ್ಟರಿಯಿಂದ ಜಟಕಾದಲ್ಲಿ ಗೋಣಿ ಸುತ್ತಿದ ಮಂಜುಗಡ್ಡೆ ತರಿಸಿದೆವು. ಹಿಂದಿನ ದಿನವೇ ಹಂಡೆಗಳಲ್ಲಿ ನೀರು ಹಿಡಿದಿಟ್ಟಿದ್ದೆವು. ನಲ್ಲಿ ನಿಂತ ಮೇಲೆ ಒಬ್ಬರು ಥರ್ಮಾಮೀಟರ್ ನೋಡುತ್ತಿರಬೇಕು, ಇನ್ನೊಬ್ಬರು ತಣ್ಣೀರನ್ನು ಆಲಿಕೆಯ ಮೂಲಕ ಕವಚಕ್ಕೆ ಚೊಂಬಿನಿಂದ ಹುಯ್ಯುತ್ತಲೇ ಇರಬೇಕು. ಅವಳು ಥರ್ಮಾಮೀಟರ್ ಹಿಡಿದಳು. ಇವನು ಕೋಟು ಬಿಚ್ಚಿ, ತೋಳು ಮಡಿಸಿ, ಚೊಂಬು ಹಿಡಿದ.

ಪರದೆ ಎಳೆದ ಮೇಲೆ ನಾನು ರೆಕಾರ್ಡ್ ಪುಸ್ತಕಗಳನ್ನು ಮಡಿಸಿಟ್ಟು ಎದ್ದೆ. ತಲೆನೋವು ಎಂದೆ. ನನಗೆ ಸುಳ್ಳು ಚೆನ್ನಾಗಿಯೇ ಬರುತ್ತದೆ. ಬಾಗಿಲು ಮುಂದೆ ಮಾಡಿ, ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಪಾಷಾ ಸಾಹೇಬರಿಗೆ ಕೊಟ್ಟ ಮಾತು ಮುರಿದೆ, ಅದಕ್ಕೆ ನನಗೆ ಒಂದು ಚೂರೂ ಪಶ್ಚಾತ್ತಾಪವಿಲ್ಲ. ಆ ದಿನ ಆ ದಾರಿಯಲ್ಲಿ ಯಾರು ಬಂದರೂ, ಪ್ರೊಫೆಸರ್ ಬಂದಾಗಲೂ, ಒಳಗೆ ಹೋದರೆ ಪ್ಲೇಟು ಹಾಳಾಗುತ್ತದೆಂದು ಹೆದರಿಸಿ ಕಳಿಸಿದೆ. ಸಂಜೆಯವರೆಗೂ ಒಳಗಿನಿಂದ ನೀರು ಹುಯ್ಯುವ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಮಾತು ಮೆಲ್ಲಗಿರಬೇಕು ಎಂದುಕೊಂಡೆ.

ಆ ಪ್ಲೇಟಿನಲ್ಲಿ ಹನ್ನೊಂದಕ್ಕೆ ಕೂದಲೆಳೆಯಷ್ಟು ಕಡಿಮೆ ಬಂತು, ಸೂತ್ರ ಹೇಳಿದ್ದಷ್ಟೇ.

ಮಾರ್ಚಿಯಲ್ಲಿ ಅವಳು ಹೊರಟಳು. ದಂಡಿನ ಸ್ಟೇಷನ್ನಿನಲ್ಲಿ ಪಾಷಾ ಸಾಹೇಬರು ಎಲ್ಲರಿಗೂ ಸೋಡಾ ಕುಡಿಸಿದರು. ಜಹನಾರಾ ನನಗೂ ಅವನಿಗೂ ಒಂದೇ ರೀತಿ ಕೈಯೆತ್ತಿ ಆದಾಬ್ ಹೇಳಿದಳು. ಅದರ ಮರುವರ್ಷ ಏನಾಯಿತೆಂದು ಎಲ್ಲರಿಗೂ ಗೊತ್ತಿದೆ. ಲಾಹೋರು ಬೇರೆ ದೇಶವಾಯಿತು. ಪಾಷಾ ಸಾಹೇಬರು ಅಂಗಡಿ ಮಾರಿ ಮಗ ಮಗಳಿರುವ ಕಡೆಗೆ ಹೋದರು. ಅವರು ನೆಟ್ಟಗೆ ತಲುಪಿದರೆಂದು ಪಕ್ಕದ ಅಂಗಡಿಯ ಜಿಯಾವುಲ್ಲಾ ಹೇಳಿದ, ಅಲ್ಲಿಗೆ ಸುದ್ದಿ ನಿಂತಿತು.

ರಾಮಾಂಜಿನಪ್ಪ ಪಾಠ ಹೇಳುತ್ತಲೇ ಹೋದ. ಆ ಸೂತ್ರವನ್ನೂ ವರ್ಷವರ್ಷ ಹೇಳಿದ. ದೊಡ್ಡಮುನಿಯಮ್ಮ ಹೆಣ್ಣು ತೋರಿಸುವುದನ್ನು ಬಿಟ್ಟಳು. ಸಂಜೆ ಅವನು ಹಲಸೂರು ಕೆರೆಯ ಏರಿಯ ಮೇಲೆ ಕೂತಿರುತ್ತಿದ್ದ. ನನ್ನ ರೈಲಿಗೆ ಹೊತ್ತಿದ್ದರೆ ನಾನೂ ಹೋಗಿ ಕೂರುತ್ತಿದ್ದೆ. ನಲವತ್ತೊಂಬತ್ತರಲ್ಲಿ ಒಂದು ಸಂಜೆ, ಮೂರು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಕೇಳಿಯೇಬಿಟ್ಟೆ.

“ಅವತ್ತು ನಾನು ಹೊರಗಡೆ ಕೂತಿದ್ನಲ್ಲ. ಒಳಗೆ ಏನು ಮಾತಾಡಿದ್ರಯ್ಯಾ?”

ಅವನು ಕೆರೆಯ ಕಡೆಗೆ ತಿರುಗಿ ಹೇಳಿದ.

“ಅವರು ಇಪ್ಪತ್ತೆರಡು ಅನ್ನೋರು. ನಾನು ನೀರು ಹುಯ್ಯೋನು. ಇಪ್ಪತ್ತೆರಡೂವರೆ ಅನ್ನೋರು. ಇನ್ನೊಂದು ಚೂರು ಐಸ್ ಹಾಕೋನು.”

“ದಿನಾ ಪೂರ್ತಿ ಅಷ್ಟೇನಾ?”

“ಮಧ್ಯಾಹ್ನ ಆದ್ಮೇಲೆ ಒಂದ್ಸಲ, ಸರ್, ಇನ್ನು ನೀರು ಹುಯ್ಯೋದು ನಿಲ್ಲಿಸಿಬಿಡೋಣ್ವಾ ಅಂದ್ರು.”

ನೀರು ನಿಲ್ಲಿಸಿದ್ದರೆ ದ್ರವ ಕಾಯುತ್ತಿತ್ತು. ಪ್ರಮಾಣ ಹನ್ನೊಂದೂ ಅಲ್ಲದ ಹದಿನಾಲ್ಕೂ ಅಲ್ಲದ ಯಾವುದೋ ಆಗಿ, ಇದ್ದ ಒಂದೇ ಪ್ಲೇಟು ಕೆಡುತ್ತಿತ್ತು. ಮಾರ್ಚಿ ಕಳೆದುಹೋಗುತ್ತಿತ್ತು. ತಂತಿ ಹೋಗಿದ್ದರೂ ಲಾಹೋರಿನವರು ಇನ್ನೊಬ್ಬಳನ್ನು ತೆಗೆದುಕೊಳ್ಳುತ್ತಿದ್ದರು.

“ನಿನಗೆ ಅರ್ಥ ಆಗ್ಲಿಲ್ವೇನೋ?” ಎಂದೆ.

“ಆಯ್ತು,” ಎಂದ. “ಅಷ್ಟು ದೊಡ್ಡದು ಅವರು ಕೇಳ್ತಿದ್ದಾರೆ, ನಾನೇನು ಹೇಳ್ಬೇಕು ಅಂತ ಯೋಚನೆ ಮಾಡ್ತಾನೇ ಇದ್ದೆ ಕಣಯ್ಯಾ. ಸರಿಯಾಗಿ ಹೇಳ್ಬೇಕು ಅಂತ. ಯೋಚನೆ ಮಾಡ್ತಾ ಮಾಡ್ತಾ ಇನ್ನೊಂದು ಚೊಂಬು ಹುಯ್ದುಬಿಟ್ಟೆ. ಅವರು ನೋಡಿದ್ರು. ಆಮೇಲೆ ಇಪ್ಪತ್ತೆರಡು ಅಂದ್ರು.”